ಅನುಕಲನದ ಉತ್ತರ ಸರಿಯೇ? ಹಿಂದಕ್ಕೆ ಅವಕಲಿಸಿ ತಾಳೆ ನೋಡುವ ಕ್ರಮ

ಅನಿಶ್ಚಿತ ಅನುಕಲನದ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡೇ. ಒಂದು, "ನನ್ನ ಉತ್ತರಕ್ಕೂ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೂ ಹೋಲಿಕೆಯೇ ಇಲ್ಲ, ನನ್ನದು ತಪ್ಪೇ?" ಇನ್ನೊಂದು, "ಡಿಫರೆನ್ಷಿಯೇಟ್ ಮಾಡಿ ನೋಡಿದೆ, ಸರಿಯಾಗೇ ಬಂತು, ಆದರೂ ಅಂಕ ಕಳೆದರು, ಏಕೆ?" ಅವಕಲಿಸಿ ತಾಳೆ ನೋಡಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ತಾಳೆಯಾಗದಿದ್ದಾಗ ಆ ವ್ಯತ್ಯಾಸವನ್ನು ಓದುವುದು ಹೇಗೆ, ತಾಳೆಯಾದರೂ ಯಾವುದನ್ನು ನಂಬಬಾರದು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಲೇಖನ ಆ ಎರಡರ ಬಗ್ಗೆ.

ಮೊದಲು ಪದಗಳನ್ನು ಗೊತ್ತುಮಾಡಿಕೊಳ್ಳೋಣ. ∫ ಚಿಹ್ನೆಯ ಒಳಗೆ ಕೊಟ್ಟಿರುವುದನ್ನು ಪ್ರಶ್ನೆಯ ಫಲನ ಎಂದು ಕರೆದು f(x) ಎಂದು ಬರೆಯುತ್ತೇನೆ. ಫಲನ ಎಂದರೆ ಫಂಕ್ಷನ್. ನೀವು ಕಂಡುಹಿಡಿದ ಉತ್ತರ, + C ಬಿಟ್ಟು, F(x). ಅದನ್ನು ಅವಕಲಿಸಿದಾಗ, ಅಂದರೆ ಡಿಫರೆನ್ಷಿಯೇಟ್ ಮಾಡಿದಾಗ ಸಿಗುವುದು ಅದರ ನಿಷ್ಪನ್ನ, F′(x). ಉತ್ತರ ಸರಿಯಿದ್ದರೆ F′(x) ಮತ್ತು f(x) ಒಂದೇ ಆಗಿರಬೇಕು. ಆದೇಶ ಎಂದರೆ ಸಬ್‌ಸ್ಟಿಟ್ಯೂಷನ್: x ಇರುವ ಒಂದು ಭಾಗಕ್ಕೆ u ಎಂದು ಹೆಸರಿಟ್ಟು ಲೆಕ್ಕವನ್ನು ಹಗುರ ಮಾಡಿಕೊಳ್ಳುವುದು. ಸರಪಳಿ ನಿಯಮ ಎಂದರೆ ಚೈನ್ ರೂಲ್: ಹೊರಗಿನ ಫಲನವನ್ನು ಅವಕಲಿಸಿ, ಒಳಗಿರುವುದರ ನಿಷ್ಪನ್ನದಿಂದ ಗುಣಿಸುವುದು. ಆದೇಶದಲ್ಲಿ ಮಾಡಿದ ಕೆಲಸವನ್ನು ಹಿಂದಕ್ಕೆ ಬಿಚ್ಚುವುದು ಈ ಸರಪಳಿ ನಿಯಮವೇ. ಹಾಗಾಗಿ ಆದೇಶದ ತಪ್ಪುಗಳೆಲ್ಲ ಅಲ್ಲಿ ಹೊರಬೀಳುತ್ತವೆ.

ಬೇಕಾಗುವ ಸಾಮಗ್ರಿ: ಕಾಗದ, ಪೆನ್ನು, ಮತ್ತು ಸೈನ್, ಕೊಸೈನ್ ಇರುವ ಯಾವುದಾದರೂ ಕ್ಯಾಲ್ಕುಲೇಟರ್. ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿರಬೇಕು. ಏಕೆಂದು ಹಂತ 5ರಲ್ಲಿ ತಿಳಿಯುತ್ತದೆ.

ಉದ್ದಕ್ಕೂ ಒಂದೇ ಲೆಕ್ಕವನ್ನು ಹಿಡಿದುಕೊಳ್ಳೋಣ:

∫ x√(2x+1) dx

ಹಂತ 1: ಉತ್ತರವನ್ನು ಪೂರ್ತಿ x ಗೆ ತನ್ನಿ

ಇಲ್ಲಿ u = 2x+1 ಎಂದು ಇಟ್ಟರೆ du = 2 dx, ಅಂದರೆ dx = du/2. ಹೊರಗಿನ x ಕೂಡ u ಆಗಿ ಬದಲಾಗಬೇಕು: x = (u−1)/2. ಎಲ್ಲವನ್ನೂ ಹಾಕಿದಾಗ:

∫ (u−1)/2 · √u · du/2 = ¼ ∫ (u^(3/2) − u^(1/2)) du

ಇದನ್ನು ಅನುಕಲಿಸಿ u ಜಾಗಕ್ಕೆ ಮತ್ತೆ 2x+1 ಹಾಕಿದರೆ:

F(x) = (1/10)(2x+1)^(5/2) − (1/6)(2x+1)^(3/2)

ತಾಳೆ ನೋಡುವ ಮುನ್ನ ಹೀಗೆ x ಗೆ ಮರಳಿರಬೇಕು. u ನಲ್ಲಿದ್ದ ಹಾಗೆಯೇ ಅವಕಲಿಸಿ, "ಹಿಂದಿನ ಸಾಲು ಬಂತು, ಸರಿ" ಎಂದು ಮುಂದೆ ಹೋಗುವವರು ಬಹಳ. ಅದರಿಂದ ಏನಾಗುತ್ತದೆ ನೋಡಿ. dx = du/2 ಎಂಬುದನ್ನು ಮರೆತು dx ಜಾಗಕ್ಕೆ ನೇರವಾಗಿ du ಬರೆದಿದ್ದೀರಿ ಎಂದುಕೊಳ್ಳಿ. ಆಗ ನಿಮ್ಮ ಮುಂದಿರುವ ಸಾಲು ½ ∫ (u^(3/2) − u^(1/2)) du. ಇದನ್ನು ಅನುಕಲಿಸಿ, ಮತ್ತೆ u ಗೆ ಅವಕಲಿಸಿದರೆ ಇದೇ ಸಾಲು ಚಾಚೂ ತಪ್ಪದೆ ಬರುತ್ತದೆ. ತಪ್ಪು ನಡೆದದ್ದು ಅದರ ಹಿಂದಿನ ಸಾಲಿನಲ್ಲಿ. ನೀವು ತಾಳೆ ನೋಡಿದ್ದು ತಪ್ಪಾಗಿ ಬರೆದ ಸಾಲಿನ ಜೊತೆಗೆ, ಪ್ರಶ್ನೆಯ ಜೊತೆಗಲ್ಲ. ಅವಕಲನ ಯಾವಾಗಲೂ x ಗೆ, ಹೋಲಿಕೆ ಯಾವಾಗಲೂ ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವ ಮೂಲ ಫಲನದ ಜೊತೆಗೆ.

ಹಂತ 2: ಪದ ಪದವಾಗಿ ಅವಕಲಿಸಿ, ಒಳಗಿನ ನಿಷ್ಪನ್ನವನ್ನು ಬೇರೆಯಾಗಿ ಬರೆಯಿರಿ

ಮನಸ್ಸಿನಲ್ಲೇ ಗುಣಿಸಿ ಮುಗಿಸಬೇಡಿ. ಪ್ರತಿ ಪದದಲ್ಲೂ ಮೂರು ಅಂಶಗಳು ಕಣ್ಣಿಗೆ ಕಾಣುವಂತಿರಲಿ: ಗುಣಕ, ಕೆಳಗಿಳಿದ ಘಾತ, ಒಳಗಿನ ನಿಷ್ಪನ್ನ.

ಮೊದಲ ಪದ: (1/10) · (5/2) · (2x+1)^(3/2) · 2 = ½ (2x+1)^(3/2)

ಎರಡನೆಯ ಪದ: (1/6) · (3/2) · (2x+1)^(1/2) · 2 = ½ (2x+1)^(1/2)

ಸಮ ಚಿಹ್ನೆಗೆ ಮೊದಲು ಕೊನೆಯಲ್ಲಿ ನಿಂತಿರುವ 2 ಎಂಬುದೇ 2x+1 ರ ನಿಷ್ಪನ್ನ. ಎರಡನ್ನೂ ಕಳೆದು, ಸಾಮಾನ್ಯವಾಗಿರುವ √(2x+1) ಹೊರಗೆ ತೆಗೆದರೆ:

F′(x) = ½ √(2x+1) · [(2x+1) − 1] = ½ √(2x+1) · 2x = x√(2x+1)

ಪ್ರಶ್ನೆಯ ಫಲನವೇ ಬಂತು. ಕೊನೆಯಲ್ಲಿ ಸಾಮಾನ್ಯ ಭಾಗವನ್ನು ಹೊರತೆಗೆಯುವ ಕೆಲಸವನ್ನು ಬಿಡಬಾರದು. ½(2x+1)^(3/2) − ½(2x+1)^(1/2) ಎಂಬಲ್ಲಿಗೇ ನಿಲ್ಲಿಸಿ, "ಇದು x√(2x+1) ಥರ ಕಾಣುತ್ತಿಲ್ಲ" ಎಂದು ಸರಿಯಾದ ಉತ್ತರವನ್ನೇ ಹೊಡೆದುಹಾಕುವವರಿದ್ದಾರೆ.

ಹಂತ 3: ತಾಳೆಯಾಗದಿದ್ದರೆ ಭಾಗಿಸಿ ನೋಡಿ

ಇಡೀ ವಿಧಾನದ ಜೀವಾಳ ಈ ಹಂತ. ತಾಳೆಯಾಗಲಿಲ್ಲ ಎಂದು ಪುಟ ಹರಿಯುವ ಮುನ್ನ ಒಂದು ಭಾಗಾಕಾರ ಮಾಡಿ:

R = F′(x) ÷ f(x)

R ನಲ್ಲಿ x ಪೂರ್ತಿ ಹೊಡೆದುಹೋಗಿ ಬರೀ ಒಂದು ಸಂಖ್ಯೆ ಉಳಿಯಿತೇ, ಅಥವಾ x ಉಳಿದುಕೊಂಡಿತೇ? ತಪ್ಪು ಯಾವ ಜಾತಿಯದು ಎಂಬುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಬರೀ ಸಂಖ್ಯೆ ಉಳಿದರೆ ನಿಮ್ಮ ಆದೇಶ ಸರಿ, ಗುಣಕ ಮಾತ್ರ ತಪ್ಪು. ಮೇಲೆ ಹೇಳಿದ dx ಮರೆತ ಉತ್ತರವನ್ನೇ ತೆಗೆದುಕೊಳ್ಳಿ:

F(x) = (1/5)(2x+1)^(5/2) − (1/3)(2x+1)^(3/2)

ಇದನ್ನು x ಗೆ ಅವಕಲಿಸಿದರೆ 2x√(2x+1) ಬರುತ್ತದೆ. R = 2. ಇಡೀ ಉತ್ತರವನ್ನು 2 ರಿಂದ ಭಾಗಿಸಿ, ಕೆಲಸ ಮುಗಿಯಿತು. ಲೆಕ್ಕವನ್ನು ಮೊದಲಿಂದ ಮಾಡಬೇಕಿಲ್ಲ.

R ನ ಬೆಲೆಯೇ ತಪ್ಪಿನ ಜಾಗವನ್ನೂ ತೋರಿಸಿಬಿಡುತ್ತದೆ. u = ax+b ಎಂದು ಇಟ್ಟಿದ್ದಾಗ R = a ಬಂದರೆ a ಯಿಂದ ಭಾಗಿಸಲು ಮರೆತಿದ್ದೀರಿ. R = a² ಬಂದರೆ ಭಾಗಿಸುವ ಬದಲು ಗುಣಿಸಿದ್ದೀರಿ. R = 1/a ಬಂದರೆ ಎರಡು ಸಲ ಭಾಗಿಸಿದ್ದೀರಿ. R = −1 ಬಂದರೆ ಸೈನ್, ಕೊಸೈನ್‌ಗಳ ಋಣ ಚಿಹ್ನೆ ಬಿಟ್ಟುಹೋಗಿದೆ, ಇಲ್ಲವೇ 5−x ನಂಥ ಕಡೆ du = −dx ಎಂಬುದು ಮರೆತಿದೆ.

ಇಲ್ಲೊಂದು ಎಚ್ಚರಿಕೆ. ಉತ್ತರದಲ್ಲಿ ಎರಡು ಮೂರು ಪದಗಳಿದ್ದು, ಅವುಗಳಲ್ಲಿ ಒಂದರ ಗುಣಕ ಮಾತ್ರ ತಪ್ಪಿದ್ದರೆ R ನಲ್ಲಿ x ಉಳಿದುಕೊಳ್ಳುತ್ತದೆ, ತಪ್ಪು ಬರೀ ಗುಣಕದ್ದಾದರೂ ಸಹ. ಆದ್ದರಿಂದ R ನಲ್ಲಿ x ಕಂಡ ಕೂಡಲೇ ಆದೇಶವನ್ನು ದೂರಬೇಡಿ. ಘಾತಕ್ಕೆ 1 ಕೂಡಿಸಿದ ಮೇಲೆ ಹೊಸ ಘಾತದಿಂದ ಭಾಗಿಸಿದ್ದೀರಾ ಎಂದು ಪ್ರತಿ ಪದದಲ್ಲೂ ಒಮ್ಮೆ ನೋಡಿ. ಅಲ್ಲಿ ಎಲ್ಲ ಸರಿಯಿದ್ದರೆ ಮಾತ್ರ ಮುಂದಿನ ಹಂತ.

ಹಂತ 4: R ನಲ್ಲಿ x ಉಳಿದರೆ ಕಳೆದು ನೋಡಿ

ಅನುಕಲನದಲ್ಲಿ ಸಂಖ್ಯೆಯನ್ನು ∫ ಚಿಹ್ನೆಯಿಂದ ಹೊರಗೆ ತರಬಹುದು, x ಅನ್ನು ತರುವಂತಿಲ್ಲ. ನಿಯಮ ಎಲ್ಲರಿಗೂ ಗೊತ್ತು. ಆದರೂ ಆದೇಶದ ಮಧ್ಯೆ ಅರಿವಿಲ್ಲದೆ ಅದು ಮುರಿಯುತ್ತದೆ. ನಮ್ಮ ಲೆಕ್ಕದಲ್ಲೇ, x = (u−1)/2 ಎಂದು ಬದಲಿಸುವ ಗೋಜಿಗೆ ಹೋಗದೆ, x ಅನ್ನು ಹೊರಗಿಟ್ಟು √(2x+1) ಅನ್ನು ಮಾತ್ರ ಅನುಕಲಿಸಿದರು ಎಂದುಕೊಳ್ಳಿ:

F(x) = (x/3)(2x+1)^(3/2)

ನೋಡಲು ಲಕ್ಷಣವಾಗಿದೆ. ಗುಣಲಬ್ಧದ ನಿಯಮದಿಂದ ಅವಕಲಿಸೋಣ:

F′(x) = (1/3)(2x+1)^(3/2) + x√(2x+1)

ಎರಡನೆಯ ಪದ ನಮಗೆ ಬೇಕಾದದ್ದೇ. ಮೊದಲನೆಯದು ಕರೆಯದೆ ಬಂದದ್ದು. R ತೆಗೆದರೆ (5x+1)/(3x) ಬರುತ್ತದೆ, x ಹೋಗುವುದಿಲ್ಲ.

ಈಗ ಹಲವರಿಗೆ ಹೊಳೆಯುವ ಉಪಾಯ, F ಅನ್ನು ಈ R ನಿಂದಲೇ ಭಾಗಿಸುವುದು. R ಸಂಖ್ಯೆಯಾಗಿದ್ದಾಗ ಅದು ನಡೆಯಿತು, ಏಕೆಂದರೆ ಅವಕಲಿಸುವಾಗ ಸಂಖ್ಯೆ ಹಾಗೆಯೇ ಹೊರಗೆ ನಿಲ್ಲುತ್ತದೆ. R ನಲ್ಲಿ x ಇದ್ದರೆ, ಭಾಗಿಸಿದ ಮೇಲೆ ಅದನ್ನೂ ಅವಕಲಿಸಬೇಕು, ಆಗ ಮತ್ತೊಂದು ಪದ ಹುಟ್ಟುತ್ತದೆ. ∫ e^(x²) dx ಗೆ e^(x²)/(2x) ಎಂದು ಬರೆಯುವುದು ಇದೇ ತಪ್ಪಿನ ಪ್ರಸಿದ್ಧ ರೂಪ. ಅವಕಲಿಸಿದರೆ e^(x²) ಜೊತೆಗೆ − e^(x²)/(2x²) ಎಂಬ ಬಾಲ ಬರುತ್ತದೆ. ಅಂದಹಾಗೆ e^(x²) ಗೆ ನಮಗೆ ಪರಿಚಿತವಾದ ಫಲನಗಳನ್ನು ಕೂಡಿಸಿ, ಗುಣಿಸಿ, ಒಂದರೊಳಗೊಂದಿಟ್ಟು ಬರೆಯಬಹುದಾದ ಅನುಕಲವೇ ಇಲ್ಲ. ಯಾರಾದರೂ ಅಂಥದ್ದೊಂದು ಉತ್ತರ ಬರೆದಿದ್ದರೆ, ಅವಕಲಿಸುವ ಮೊದಲೇ ಅದು ತಪ್ಪೆಂದು ಹೇಳಬಹುದು.

ಭಾಗಿಸುವ ಬದಲು ಕಳೆಯಿರಿ. D = F′(x) − f(x) ಎಂಬುದೇ ಹೆಚ್ಚಾಗಿ ಬಂದ ಭಾಗ. ಇಲ್ಲಿ

D = (1/3)(2x+1)^(3/2)

ಇದನ್ನು ಬೇರೆಯಾಗಿ ಅನುಕಲಿಸಿ F ನಿಂದ ಕಳೆದುಬಿಟ್ಟರೆ ಉತ್ತರ ದುರಸ್ತಿಯಾಗುತ್ತದೆ. D ಯಲ್ಲಿ x ಗುಣಕವಾಗಿ ನಿಂತಿಲ್ಲ, ಹಾಗಾಗಿ ಇದು ಸುಲಭ:

∫ D dx = (1/3) · (2/5) · (1/2) · (2x+1)^(5/2) = (1/15)(2x+1)^(5/2)

ದುರಸ್ತಿಯಾದ ಉತ್ತರ: (x/3)(2x+1)^(3/2) − (1/15)(2x+1)^(5/2)

ಇದು ಹಂತ 1ರ ಉತ್ತರದಂತೆ ಕಾಣುವುದಿಲ್ಲ. ಆದರೆ x ಜಾಗಕ್ಕೆ (u−1)/2 ಹಾಕಿ ಬಿಡಿಸಿ ನೋಡಿ. (x/3)u^(3/2) ಎಂಬುದು u^(5/2)/6 − u^(3/2)/6 ಆಗುತ್ತದೆ. 1/6 ರಿಂದ 1/15 ಕಳೆದರೆ 1/10. ಅಂದರೆ u^(5/2)/10 − u^(3/2)/6, ಮೊದಲಿನ ಉತ್ತರವೇ. ಭಾಗಶಃ ಅನುಕಲನ ಗೊತ್ತಿದ್ದವರಿಗೆ ನಾವು ಮಾಡಿದ್ದೇನು ಎಂಬುದು ಈಗಾಗಲೇ ಹೊಳೆದಿರಬೇಕು: ತಪ್ಪು ಉತ್ತರವನ್ನು ದುರಸ್ತಿ ಮಾಡುತ್ತ ಆ ವಿಧಾನವನ್ನೇ ನಡೆಸಿಬಿಟ್ಟೆವು.

ಈ ದುರಸ್ತಿಗೂ ಒಂದು ಮಿತಿಯಿದೆ. D ಪ್ರಶ್ನೆಗಿಂತ ಸುಲಭವಿದ್ದರೆ ಮಾತ್ರ ಪ್ರಯೋಜನ. e^(x²) ನ ಉದಾಹರಣೆಯಲ್ಲಿ D = − e^(x²)/(2x²), ಅದು ಮೂಲಕ್ಕಿಂತ ಕಷ್ಟ. ಹಾಗಾದಾಗ ಆದೇಶವನ್ನೇ ಬಿಟ್ಟು ಬೇರೆ ದಾರಿ ಹುಡುಕಬೇಕು.

ಹಂತ 5: ನಿಮ್ಮ ಅವಕಲನವನ್ನೇ ಸಂಖ್ಯೆಯಿಂದ ಪರೀಕ್ಷಿಸಿ

ತಾಳೆ ನೋಡುವ ಕೈಯೂ ತಪ್ಪು ಮಾಡಿದ ಕೈಯೇ. ∫ cos 3x dx = sin 3x ಎಂದು ಬರೆದವರು, ಹಿಂದಕ್ಕೆ ಹೋಗುವಾಗಲೂ ಅದೇ 3 ಅನ್ನು ಮರೆತು sin 3x ನ ನಿಷ್ಪನ್ನ cos 3x ಎಂದು ಬರೆಯುತ್ತಾರೆ. ಎರಡು ತಪ್ಪು ಸೇರಿ "ಸರಿ" ಎಂದಾಗುತ್ತದೆ. ಇದನ್ನು ಹಿಡಿಯಲು ಅವಕಲನದ ಯಾವ ಸೂತ್ರವನ್ನೂ ಬಳಸದ ಪರೀಕ್ಷೆ ಬೇಕು:

F′(x) ≈ [F(x+h) − F(x−h)] ÷ (2h)

h ಎಂದರೆ ಸಣ್ಣ ಸಂಖ್ಯೆ, 0.01 ಸಾಕು. x = 0.2 ಹಾಕಿ ನೋಡೋಣ. F(x) = sin 3x ಆದ್ದರಿಂದ F(0.21) = sin 0.63 = 0.58914, F(0.19) = sin 0.57 = 0.53963. ವ್ಯತ್ಯಾಸ 0.04951, ಅದನ್ನು 0.02 ರಿಂದ ಭಾಗಿಸಿದರೆ 2.4755. ಪ್ರಶ್ನೆಯ ಫಲನ ಅಲ್ಲಿ cos 0.6 = 0.8253. ಭಾಗಿಸಿದರೆ ಹೆಚ್ಚುಕಡಿಮೆ 3. ಹಂತ 3ರ R = a, ಭಾಗಿಸಲು ಮರೆತ 3 ಇಲ್ಲಿದೆ.

ಇದೇ ಲೆಕ್ಕದಲ್ಲಿ ನಿಮಗೆ 3 ರ ಬದಲು 0.052 ರ ಸುಮಾರಿಗೆ ಬಂದರೆ, ಅಥವಾ ಸರಿಯಾದ ಉತ್ತರಕ್ಕೆ 1 ರ ಬದಲು 0.0175 ಬಂದರೆ, ಅನುಕಲನವನ್ನು ಶಂಕಿಸಬೇಡಿ. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆ. 0.01745 ಎಂಬುದು π/180. sin ನ ನಿಷ್ಪನ್ನ cos ಎಂಬುದು ರೇಡಿಯನ್‌ನಲ್ಲಿ ಮಾತ್ರ ನಿಜ.

ಯಾವ x ಹಾಕಬೇಕು ಎಂಬುದರಲ್ಲಿ ಸ್ವಲ್ಪ ಜಾಣತನ ಬೇಕು. 0 ಮತ್ತು 1 ಬೇಡ. 0 ಹಾಕಿದರೆ ಎರಡೂ ಕಡೆ ಸೊನ್ನೆಯಾಗಿ ತಪ್ಪು ಮುಚ್ಚಿಹೋಗಬಹುದು, 1 ಹಾಕಿದರೆ x ಗೂ x² ಗೂ ವ್ಯತ್ಯಾಸ ತಿಳಿಯುವುದಿಲ್ಲ. ತೀರ ದೊಡ್ಡ ಸಂಖ್ಯೆಯೂ ಬೇಡ. e^(x²)/(2x) ಎಂಬ ತಪ್ಪು ಉತ್ತರಕ್ಕೆ R = 1 − 1/(2x²). x = 10 ಆದರೆ R = 0.995, "ಕ್ಯಾಲ್ಕುಲೇಟರಿನ ಸಣ್ಣ ವ್ಯತ್ಯಾಸ ಬಿಡಿ" ಎಂದು ದಾಟಿಸಿಬಿಡುತ್ತೀರಿ. x = 1.5 ಹಾಕಿದರೆ R ಸುಮಾರು 0.78, ತಪ್ಪು ಎದ್ದು ಕಾಣುತ್ತದೆ. ಯಾವಾಗಲೂ ಎರಡು ಬೇರೆ ಬೇರೆ x ಹಾಕಿ. ಎರಡರಲ್ಲೂ R ಒಂದೇ ಬಂದರೆ ಗುಣಕದ ತಪ್ಪು, ಬೇರೆ ಬೇರೆ ಬಂದರೆ ಹಂತ 4.

ಪ್ರಶ್ನೆಯ ಫಲನಕ್ಕೆ x ನ ಋಣ ಬೆಲೆಗಳಲ್ಲೂ ಅರ್ಥವಿದ್ದರೆ ಆ ಎರಡರಲ್ಲಿ ಒಂದು ಋಣವಾಗಿರಲಿ. ∫ dx/(x√(x²−1)) ಗೆ x = sec θ ಎಂದು ಆದೇಶ ಮಾಡಿ sec⁻¹ x ಎಂದು ಬರೆಯುವುದು ರೂಢಿ. x = 2 ಹಾಕಿದರೆ ಸರಿಯಾಗಿ ತಾಳೆಯಾಗುತ್ತದೆ. x = −2 ಹಾಕಿ: ಪ್ರಶ್ನೆಯ ಫಲನ −0.2887, ಆದರೆ 0 ಯಿಂದ π ವರೆಗಿನ ಮುಖ್ಯ ಬೆಲೆಗಳನ್ನು ತೆಗೆದುಕೊಂಡರೆ sec⁻¹ x ನ ನಿಷ್ಪನ್ನ +0.2887. ಆದೇಶದ ನಡುವೆ √(tan²θ) ಅನ್ನು tan θ ಎಂದು ಬರೆದ ಕಡೆ ಚಿಹ್ನೆ ಕಳೆದುಹೋಗಿದೆ. ಅದು |tan θ| ಆಗಬೇಕಿತ್ತು. ಉತ್ತರ sec⁻¹|x| ಎಂದಾದರೆ ಎರಡೂ ಕಡೆ ಸರಿಹೋಗುತ್ತದೆ. ∫ dx/x ಗೆ ln x ಬದಲು ln|x| ಎಂದು ಬರೆಯಲು ಹೇಳುವುದೂ ಇದಕ್ಕೇ.

ಹಂತ 6: ಸ್ಥಿರಾಂಕವನ್ನು ಬೇರೆಯಾಗಿ ನೋಡಿ, ಅವಕಲನಕ್ಕೆ ಅದು ಕಾಣುವುದಿಲ್ಲ

ಇಲ್ಲಿಯವರೆಗಿನ ಐದೂ ಹಂತಗಳಿಗೆ + C ಎಂಬುದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸ್ಥಿರಾಂಕದ ನಿಷ್ಪನ್ನ ಸೊನ್ನೆ. ಹಾಗಾಗಿ C ಬಿಟ್ಟ ಉತ್ತರವೂ ಚೆನ್ನಾಗಿ ತಾಳೆಯಾಗುತ್ತದೆ, ಅಂಕ ಮಾತ್ರ ಹೋಗುತ್ತದೆ. ಆರಂಭದ ಎರಡನೆಯ ಪ್ರಶ್ನೆಗೆ ಬಹುಪಾಲು ಉತ್ತರ ಇದೇ. ಸ್ಥಿರಾಂಕಕ್ಕೆ ಮಾಡಬಹುದಾದ ಪರೀಕ್ಷೆ ಎಣಿಕೆ: ಎಷ್ಟು ಸಲ ಅನುಕಲಿಸಿದಿರೋ ಅಷ್ಟು ಸ್ಥಿರಾಂಕಗಳು ಇರಬೇಕು.

y″ = 6x ಎಂದು ಕೊಟ್ಟಾಗ ಮೊದಲ ಸಲ 3x², ಎರಡನೆಯ ಸಲ x³, ಕೊನೆಯಲ್ಲಿ ನೆನಪಾಗಿ + C. ಎರಡು ಸಲ ಅವಕಲಿಸಿದರೆ 6x ಬಂದೇ ಬರುತ್ತದೆ. ಆದರೆ ಎಣಿಸಿದರೆ ಅನುಕಲನ ಎರಡು, ಸ್ಥಿರಾಂಕ ಒಂದು. ಮೊದಲ ಸಾಲಿನಲ್ಲೇ 3x² + C₁ ಎಂದು ಬರೆದಿದ್ದರೆ ಉತ್ತರ x³ + C₁x + C₂ ಆಗುತ್ತಿತ್ತು. ಮಧ್ಯದಲ್ಲಿ ಬಿಟ್ಟ ಸ್ಥಿರಾಂಕವನ್ನು ಕೊನೆಯಲ್ಲಿ ಕೂಡಿಸಿ ತುಂಬಲಾಗದು, ಅಷ್ಟರಲ್ಲಿ ಅದಕ್ಕೆ x ಅಂಟಿಕೊಂಡಿರುತ್ತದೆ.

C ಯನ್ನು ತಪ್ಪು ಜಾಗದಲ್ಲಿ ಇಟ್ಟಾಗ ಮಾತ್ರ ಕೆಲವೊಮ್ಮೆ ಅವಕಲನಕ್ಕೂ ಸಿಕ್ಕಿಬೀಳುತ್ತದೆ. y′ = 2xy ಎಂಬ ಸಮೀಕರಣದಲ್ಲಿ ln|y| = x² ಎಂದು ಬರೆದು, y = e^(x²) ಮಾಡಿಕೊಂಡು, ಆಮೇಲೆ C ಕೂಡಿಸಿ y = e^(x²) + C ಎಂದರೆ, ಎಡಗಡೆ 2x e^(x²), ಬಲಗಡೆ 2x e^(x²) + 2xC. C ಸೊನ್ನೆಯಾದಾಗ ಮಾತ್ರ ಇವೆರಡೂ ಸಮ. ∫ ಚಿಹ್ನೆ ಹೋದ ಸಾಲಿನಲ್ಲೇ C ಬರಬೇಕಿತ್ತು: ln|y| = x² + C, ಅದರಿಂದ y = A e^(x²).

ಪ್ರಶ್ನೆಯಲ್ಲಿ ಒಂದು ಬಿಂದುವಿನ ಬೆಲೆ ಕೊಟ್ಟಿದ್ದರೆ C ಯ ಬೆಲೆಯನ್ನೂ ಪರೀಕ್ಷಿಸಬಹುದು. ನಮ್ಮದೇ ಲೆಕ್ಕಕ್ಕೆ y(0) = 1 ಎಂಬ ಷರತ್ತು ಸೇರಿಸೋಣ. "x ಸೊನ್ನೆ, ಹಾಗಾದರೆ C = 1" ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಆದರೆ F(0) ಸೊನ್ನೆಯಲ್ಲ: 1/10 − 1/6 = −1/15. ಆದ್ದರಿಂದ C = 1 + 1/15 = 16/15. ಈಗ y(4) ಕೇಳಿದರೆ 2x+1 = 9; F(4) = 243/10 − 27/6 = 24.3 − 4.5 = 19.8. ಸರಿಯಾದ C ಯಿಂದ y(4) ಸುಮಾರು 20.87. C = 1 ಎಂದಿದ್ದರೆ 20.8, C ಮರೆತಿದ್ದರೆ 19.8. ಮೂರನ್ನೂ ಅವಕಲಿಸಿದರೆ x√(2x+1) ಬರುತ್ತದೆ. ಇಲ್ಲಿ ಮಾಡಬೇಕಾದ ತಾಳೆ, x = 0 ಅನ್ನು ಅಂತಿಮ ಉತ್ತರಕ್ಕೆ ಮತ್ತೆ ಹಾಕಿ 1 ಬರುತ್ತದೆಯೇ ಎಂದು ನೋಡುವುದು.

ಹಂತ 7: ಪುಸ್ತಕದ ಉತ್ತರ ಬೇರೆ ಇದ್ದರೆ

ಇನ್ನು ಮೊದಲ ಪ್ರಶ್ನೆ. ∫ sin x cos x dx ಅನ್ನು ಮೂವರು ಮೂರು ದಾರಿಯಲ್ಲಿ ಮಾಡುತ್ತಾರೆ. u = sin x ಇಟ್ಟವರಿಗೆ ½ sin²x, u = cos x ಇಟ್ಟವರಿಗೆ −½ cos²x, ½ sin 2x ಎಂದು ಬದಲಿಸಿಕೊಂಡವರಿಗೆ −¼ cos 2x. ಮೂರೂ ಸರಿ. ಎರಡು ಉತ್ತರಗಳನ್ನು ಒಂದೇ ರೂಪಕ್ಕೆ ತರಲು ತ್ರಿಕೋನಮಿತಿಯಲ್ಲಿ ಹೆಣಗುವ ಬದಲು, ಒಂದರಿಂದ ಇನ್ನೊಂದನ್ನು ಎರಡು ಬೇರೆ x ಗಳಲ್ಲಿ ಕಳೆಯಿರಿ. x = 0 ದಲ್ಲಿ ಮೂರರ ಬೆಲೆ 0, −½, −¼. x = π/2 ರಲ್ಲಿ ½, 0, ¼. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎರಡೂ ಕಡೆ ½. ಮೂರನೆಯದನ್ನು ಕಳೆದರೆ ಎರಡೂ ಕಡೆ ¼. ವ್ಯತ್ಯಾಸ ಕದಲದೆ ನಿಂತರೆ ಅದು C ಯೊಳಗೆ ಸೇರಿಹೋಗುವ ಸಂಖ್ಯೆ. x ಬದಲಾದಂತೆ ವ್ಯತ್ಯಾಸವೂ ಬದಲಾದರೆ ಇಬ್ಬರಲ್ಲಿ ಒಬ್ಬರದಾದರೂ ತಪ್ಪು. ಯಾರದೆಂದು ತಿಳಿಯಲು ಎರಡನ್ನೂ ಹಂತ 2ಕ್ಕೆ ಒಯ್ಯಿರಿ. ಎರಡೇ ಬಿಂದುಗಳಲ್ಲಿ ಆಕಸ್ಮಿಕವಾಗಿ ಹೊಂದಿಬಿಡುವ ಸಾಧ್ಯತೆಯೂ ಇದೆ, ಅದರಲ್ಲೂ 0, π/2 ನಂಥ ಸುಲಭ ಬೆಲೆಗಳಲ್ಲಿ. ಅನುಮಾನವಿದ್ದರೆ 0.7 ರಂಥ ಒಂದು ಬೆಲೆಯನ್ನೂ ಹಾಕಿ ನೋಡಿ.

ಲಾಗ್ ಬರುವ ಉತ್ತರಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ∫ dx/(2x) ಗೆ ½ ಅನ್ನು ಹೊರತೆಗೆದವರಿಗೆ ½ ln|x|, u = 2x ಎಂದು ಇಟ್ಟವರಿಗೆ ½ ln|2x|. ಒಳಗೊಂದು 2 ಹೆಚ್ಚಾಗಿ ಕಂಡ ಕೂಡಲೇ ಆದೇಶ ತಪ್ಪಿತೆಂದು ಹೊಡೆದುಹಾಕಬೇಡಿ. ln|2x| ಎಂದರೆ ln 2 + ln|x|, ವ್ಯತ್ಯಾಸ ½ ln 2 ಎಂಬ ಬರೀ ಸಂಖ್ಯೆ. ಲಾಗ್ ಒಳಗಿನ ಗುಣಕ ಹೀಗೆ C ಯಲ್ಲಿ ಕರಗುತ್ತದೆ. ಲಾಗ್ ಹೊರಗಿನ ಗುಣಕ ಕರಗುವುದಿಲ್ಲ: ½ ಬಿಟ್ಟು ln|x| ಎಂದು ಬರೆದಿದ್ದರೆ ಹಂತ 3ರ R ನೇರವಾಗಿ 2 ತೋರಿಸುತ್ತದೆ.